土豆: ಆಲೂಗಡ್ಡೆಯೋ, ಕಡಲೆಕಾಯಿಯೋ?

ಆಮದು ತಿನಿಸುಗಳ ಪೊಟ್ಟಣದ ಬರಹವನ್ನು ಕನ್ನಡಕ್ಕೆ ತರುವ ನನ್ನ ಕೆಲಸವು ಒಂದು ಮಿಠಾಯಿಯ ಹೆಸರಿನಲ್ಲಿದ್ದ 土豆 ಎಂಬ ಎರಡು ಅಕ್ಷರಗಳ ಮುಂದೆ ನಿಂತುಬಿಟ್ಟಿತ್ತು. ನಿನ್ನೆ ರಾತ್ರಿ ಅದು ಬಗೆಹರಿಯಿತು. ಚೀನಾದ ಮುಖ್ಯಭೂಮಿಯಲ್ಲಿ ಈ ಪದವೆಂದರೆ ಆಲೂಗಡ್ಡೆ, ತೈವಾನಿನಲ್ಲಿ ಕಡಲೆಕಾಯಿ. ಕಡಲೆಕಾಯಿ ಒಗ್ಗದವರೂ ಓದುವ ಚೀಟಿಯಲ್ಲಿ ಊಹೆಗೆ ಜಾಗವಿಲ್ಲ. ಮುಖ್ಯಭೂಮಿಯ ಸರಳೀಕೃತ ಲಿಪಿಯಲ್ಲೂ ತೈವಾನಿನ ಸಾಂಪ್ರದಾಯಿಕ ಲಿಪಿಯಲ್ಲೂ ಈ ಎರಡು ಅಕ್ಷರಗಳ ರೂಪ ಒಂದೇ ಆದ್ದರಿಂದ, ಪೊಟ್ಟಣದ ಉಳಿದ ಬರಹವೇ ಸಾಕ್ಷಿ ನುಡಿಯಬೇಕು.

ಮುಂಬದಿಯನ್ನು ನಾನು ನಂಬುವುದಿಲ್ಲ. ಮುಖ್ಯಭೂಮಿಯ ಲೇಬಲ್ ನಿಯಮವಾದ ಜಿಬಿ 7718 ಪ್ರಮಾಣಿತ ಅಕ್ಷರಗಳನ್ನೇ, ಅಂದರೆ ಸರಳೀಕೃತ ರೂಪಗಳನ್ನೇ, ಬಳಸಬೇಕೆಂದರೂ ಟ್ರೇಡ್‌ಮಾರ್ಕಿಗೆ ವಿನಾಯಿತಿ ಕೊಡುತ್ತದೆ. ಹಾಗಾಗಿ ಅಲ್ಲಿನ ಹಳೆಯ ಬ್ರ್ಯಾಂಡುಗಳ ಹೆಸರು ಸಾಂಪ್ರದಾಯಿಕ ಲಿಪಿಯಲ್ಲಿಯೇ ಇರಬಹುದು. ಸ್ಕ್ಯಾನ್ ಮಾಡಿ ಅಕ್ಷರ ತೆಗೆಯುವ ಟೆಸೆರಾಕ್ಟ್‌ಗೂ ಸರಳೀಕೃತಕ್ಕೆ `chi_sim`, ಸಾಂಪ್ರದಾಯಿಕಕ್ಕೆ `chi_tra` ಎಂದು ಮೊದಲೇ ಹೇಳಬೇಕಾಗುತ್ತದೆ. ತಪ್ಪು ಆಯ್ಕೆ ಮಾಡಿದರೆ ಅದು ಇನ್ನೊಂದು ಲಿಪಿಯ ರೂಪವನ್ನೇ ಕೊಟ್ಟುಬಿಡುವ ಸಂಭವವಿರುವುದರಿಂದ ಕಣ್ಣಿನ ತೀರ್ಮಾನ ಮೊದಲು ಬರಬೇಕು.

ನೋಡಬೇಕಾದದ್ದು ಹಿಂಬದಿಯ ಪದಾರ್ಥಗಳ ಪಟ್ಟಿ. ಆದರೆ ಆಮದುದಾರರು ತಮ್ಮ ಸ್ಟಿಕ್ಕರನ್ನು ಸರಿಯಾಗಿ ಅದರ ಮೇಲೆಯೇ ಅಂಟಿಸಿದ್ದರು. ಪಕ್ಕದಲ್ಲಿ ಅಂಗೈಯಷ್ಟು ಖಾಲಿ ಜಾಗವಿದ್ದೂ ಹೀಗೆ ಮಾಡುವುದು ಓದುಗನಿಗೆ ಮಾಡುವ ಅನ್ಯಾಯ. ಹೇರ್ ಡ್ರೈಯರ್‌ನಿಂದ ಮೆಲ್ಲಗೆ ಬಿಸಿ ಮಾಡಿ ಒಂದು ಅಂಚನ್ನು ಎಬ್ಬಿಸಿದೆ.

ಸಕ್ಕರೆಯ 糖 ಎರಡೂ ಲಿಪಿಗಳಿಗೆ ಸಮಾನವಾದ್ದರಿಂದ ಉಪಯೋಗಕ್ಕೆ ಬರಲಿಲ್ಲ. ನಾನು ಹುಡುಕಿದ್ದು ಉಪ್ಪನ್ನು. ಸರಳೀಕೃತ ರೂಪವಾದ 盐 ಹತ್ತೇ ಗೆರೆಗಳ ತೆಳ್ಳನೆಯ ಅಕ್ಷರ. ಸಾಂಪ್ರದಾಯಿಕ 鹽 ಇಪ್ಪತ್ನಾಲ್ಕು ಗೆರೆಗಳದ್ದು, ಸಣ್ಣ ಮುದ್ರಣದಲ್ಲಿ ಮಸಿಯ ಚುಕ್ಕೆಯಂತೆಯೇ ಕಾಣುತ್ತದೆ. ಭೂತಗನ್ನಡಿಯಲ್ಲಿ ಕಂಡದ್ದು ಎರಡನೆಯದು. ಅದರ ಪಕ್ಕದ ಮಾಲ್ಟ್ ಸಕ್ಕರೆಯೂ 麦芽糖 ಎಂದಿರದೆ 麥芽糖 ಎಂದಿತ್ತು.

ಸಾಂಪ್ರದಾಯಿಕ ಲಿಪಿಯೆಂದ ಮಾತ್ರಕ್ಕೆ ತೈವಾನ್ ಎಂದಾಗುವುದಿಲ್ಲ, ಹಾಂಗ್‌ಕಾಂಗ್ ಮತ್ತು ಮಕಾವ್‌ಗಳಲ್ಲೂ ಅದೇ ಲಿಪಿ. ಬಾರ್‌ಕೋಡ್ 471ರಿಂದ ಶುರುವಾಗಿದ್ದು ತೈವಾನಿನತ್ತ ಬೊಟ್ಟುಮಾಡಿತು. ಹಾಂಗ್‌ಕಾಂಗ್‌ನದಾದರೆ 489 ಇರುತ್ತಿತ್ತು. ಈ ಅಂಕೆಗಳು ಕಂಪನಿ ಎಲ್ಲಿ ನೋಂದಣಿಯಾಗಿದೆ ಎಂಬುದನ್ನಷ್ಟೇ ಹೇಳುತ್ತವೆ, ಸರಕು ತಯಾರಾದ ಊರನ್ನಲ್ಲ. ಆದ್ದರಿಂದ ಸ್ಟಿಕ್ಕರನ್ನು ಪೂರ್ತಿ ಬಿಡಿಸಿದೆ. ಪಟ್ಟಿಯಲ್ಲಿ 花生 ಎಂದಿತ್ತು. ಅದು ಎಲ್ಲ ಕಡೆಯೂ ಕಡಲೆಕಾಯಿಯೇ.

ಮುಂದಿನ ಸರದಿ ಜಪಾನಿನ ಪೊಟ್ಟಣಗಳದ್ದು. ಅಲ್ಲಿ ದೇಶ ಎಂಬುದಕ್ಕೆ ಸರಳೀಕೃತ ಲಿಪಿಯ 国 ರೂಪವೇ ಇದ್ದು ದಾರಿ ತಪ್ಪಿಸುತ್ತದೆ, ಉಪ್ಪು ಮಾತ್ರ 塩 ಎಂಬ ಮೂರನೆಯ ರೂಪ ತಾಳುತ್ತದೆ. ಈ ಮೂರು ಉಪ್ಪುಗಳನ್ನು ದೊಡ್ಡದಾಗಿ ಮುದ್ರಿಸಿ ಮೇಜಿನ ಮೇಲೆ ಅಂಟಿಸಿಕೊಂಡಿದ್ದೇನೆ. ಮಿಠಾಯಿಯ ಚೀಟಿಯಲ್ಲಿ ‘ಕಡಲೆಕಾಯಿ ಇದೆ’ ಎಂಬ ಸಾಲನ್ನು ಹೆಸರಿಗಿಂತ ಮೇಲೆ, ದಪ್ಪಕ್ಷರದಲ್ಲಿ ಹಾಕಿದ್ದೇನೆ.