ನಿದ್ದೆ ಮಾತ್ರೆ, ಗ್ಯಾಸ್ ಮಾತ್ರೆ ಮತ್ತೆ ಅಮ್ಮನ ಮರೆವು

ನಾನು ಕೆಲಸ ಮಾಡೋದು ಆಸ್ಪತ್ರೆಯೊಂದರ ಹಿರಿಯರ ಓಪಿಡಿಲಿ, ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿ. ಡಾಕ್ಟರ್ ನೋಡೋಕೆ ಮುಂಚೆ ಮನೆಯಿಂದ ತಂದ ಅಷ್ಟೂ ಸ್ಟ್ರಿಪ್ಪುಗಳನ್ನ ಟೇಬಲ್ ಮೇಲೆ ಸುರಿಸ್ಕೊಂಡು ಯಾವುದು ಯಾತಕ್ಕೆ, ಯಾವಾಗಿಂದ, ಯಾರು ಬರ್ಕೊಟ್ಟಿದ್ದು ಅಂತ ಪಟ್ಟಿ ಮಾಡ್ತೀನಿ. ಈ ಟೇಬಲ್ ಹತ್ರ ಜನ ಪದೇಪದೇ ಕೇಳೋ ಪ್ರಶ್ನೆ ಒಂದಿದೆ, "ಮೇಡಂ, ನಿದ್ದೆ ಮಾತ್ರೆ ತಗೊಂಡ್ರೆ ಡಿಮೆನ್ಶಿಯಾ ಬರುತ್ತಂತಲ್ಲ, ಹೌದಾ?" ವಾಟ್ಸಾಪಲ್ಲಿ ಬಂದಿರುತ್ತೆ. ಹೌದು ಅಂದ್ರೂ ಪೂರ್ತಿ ನಿಜ ಅಲ್ಲ, ಇಲ್ಲ ಅಂದ್ರೂ ಅಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದ್ದೀನಿ.

ಒಂದು ಕೇಸ್ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೀನಿ. ಎಪ್ಪತ್ತು ದಾಟಿದ ಅಮ್ಮ, ಗಂಡ ತೀರ್ಕೊಂಡಾಗ ಶುರುವಾದ ಆಲ್ಪ್ರಜೋಲಮ್ ಅನ್ನೋ ನಿದ್ದೆ ಮಾತ್ರೆ 0.5 ಮಿ.ಗ್ರಾಂ, ರಾತ್ರಿ ಒಂದು, ವರ್ಷಗಳಿಂದ ನಡೀತಾ ಇದೆ. ಈಚೆಗೆ ಹೇಳಿದ್ದೇ ಹೇಳ್ತಾರೆ, ಸ್ಟವ್ ಮೇಲೆ ಹಾಲಿಟ್ಟು ಮರೀತಾರೆ. ಮಗ ಫಾರ್ವರ್ಡ್ ನೋಡಿ ಹೆದರಿ ಮಾತ್ರೆನ ಒಂದೇ ಸಲಕ್ಕೆ ನಿಲ್ಲಿಸಿಬಿಟ್ರು. ಎರಡು ರಾತ್ರಿ ಅಮ್ಮ ಕಣ್ಣು ಮುಚ್ಚಿಲ್ಲ, ಕೈ ನಡುಕ, ಬೆವರು, ಎದೆ ಢವಢವ, ಸುಮ್ನೆ ಕೂತಲ್ಲಿ ಕೂರಕ್ಕಾಗ್ತಿಲ್ಲ. ಮಗ ಅದನ್ನೇ "ರೋಗ ಜಾಸ್ತಿ ಆಯ್ತು" ಅಂದ್ಕೊಂಡು ಕರ್ಕೊಂಡು ಬಂದಿದ್ರು. ಅದು ರೋಗ ಅಲ್ಲ, ಮಾತ್ರೆ ತಟ್ಟನೆ ಬಿಟ್ಟಿದ್ದಕ್ಕೆ ಮೈ ತೋರಿಸ್ತಿರೋ ವಿತ್‌ಡ್ರಾವಲ್. ಆಲ್ಪ್ರಜೋಲಮ್ ಮೈಯಿಂದ ಬೇಗ ಹೋಗೋ ಜಾತಿ, ಹಾಗಾಗಿ ಒಂದೆರಡು ದಿನದಲ್ಲೇ ಇದು ಶುರುವಾಗುತ್ತೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಡಾಕ್ಟರ್ ಮೊದಲು ಮಾಡಿದ್ದು ಅದೇ 0.5 ಅನ್ನ ವಾಪಸ್ ಶುರು ಮಾಡಿಸಿದ್ದು. ಮಗಂಗೆ ಸಿಟ್ಟು ಬಂತು, ಬಿಡಿಸೋಕೆ ಬಂದ್ರೆ ಇವರೇ ಮತ್ತೆ ಕೊಡ್ತಾರಲ್ಲ ಅಂತ.

ಇನ್ನು ಆ ಟೇಬಲ್ ಮೇಲೆ ಸುರಿದ ಸ್ಟ್ರಿಪ್ಪಿನ ಕಥೆ. "ಇದು ಬರೀ ಗ್ಯಾಸ್ ಮಾತ್ರೆ" ಅಂತ ಪಕ್ಕಕ್ಕೆ ತಳ್ಳಿದ್ದೊಂದಿತ್ತು, ಬೆಳಿಗ್ಗೆ ಒಂದು ಸಂಜೆ ಒಂದು, ಬೇರೆ ಡಾಕ್ಟರ್ ಯಾವತ್ತೋ ಹೊಟ್ಟೆ ನುಲೀತಿದೆ ಅಂದಿದ್ದಕ್ಕೆ ಬರ್ದಿದ್ದು. ಹಿಂದೆ ತಿರುಗಿಸಿ ಸಣ್ಣಕ್ಷರ ಓದಿದ್ರೆ ಕ್ಲೋರ್‌ಡಯಾಜೆಪಾಕ್ಸೈಡ್ 5 ಮಿ.ಗ್ರಾಂ, ಜೊತೆಗೆ ಕ್ಲಿಡಿನಿಯಮ್, ಡೈಸೈಕ್ಲೋಮಿನ್. ಮೊದಲನೇದು ಆಲ್ಪ್ರಜೋಲಮ್ ಕುಟುಂಬದ್ದೇ ಬೆಂಜೋಡಯಾಜೆಪಿನ್, ಅದೂ ನಿಧಾನಕ್ಕೆ ಹೋಗೋದು, ಅದು ಒಡೆದು ಆಗೋ ವಸ್ತು ವಯಸ್ಸಾದವರ ಮೈಯಲ್ಲಿ ದಿನಗಟ್ಟಲೆ ಉಳ್ಕೊಳ್ಳುತ್ತೆ. ಉಳಿದೆರಡು ಬಾಯಿ ಒಣಗಿಸೋ, ವಯಸ್ಸಾದವರಿಗೆ ತಲೆ ಮಂಕು ಮಾಡಬಲ್ಲ ಔಷಧಿಗಳು. ಅಂದ್ರೆ ಅಮ್ಮ ರಾತ್ರಿ ಒಂದು ಬೆಂಜೋ, ಹಗಲು ಇನ್ನೊಂದು ಬೆಂಜೋ ತಗೋತಿದ್ರು, ಎರಡು ಡಾಕ್ಟರ್‌ಗೂ ಇನ್ನೊಬ್ಬರು ಬರೆದಿದ್ದು ಗೊತ್ತಿಲ್ಲ, ಮನೆಯವರ ಲೆಕ್ಕದಲ್ಲಿ "ನಿದ್ದೆ ಮಾತ್ರೆ" ಒಂದೇ. ನಮ್ಮ ಕಡೆ ಇದು ಅಪರೂಪ ಏನಲ್ಲ, ಹೊಟ್ಟೆ ಮಾತ್ರೆ, ಬೇಜಾರಿನ ಮಾತ್ರೆ, ಎದೆ ಬಡಿತದ ಮಾತ್ರೆ ಅಂತ ಬರೋ ಕಾಂಬಿನೇಷನ್ನುಗಳ ಒಳಗೆ ಇವು ಕೂತಿರ್ತವೆ.

ಈಗ ಆ ದೊಡ್ಡ ಪ್ರಶ್ನೆ. ಜನ ಹೆದರೋಕೆ ಕಾರಣ ಆದ ದೊಡ್ಡ ಅಧ್ಯಯನಗಳಲ್ಲೊಂದು 2014ರಲ್ಲಿ ಬಿಎಂಜೆ ಅನ್ನೋ ಬ್ರಿಟಿಷ್ ವೈದ್ಯಕೀಯ ಪತ್ರಿಕೆಲಿ ಬಂತು, ಕೆನಡಾದ ಕ್ವಿಬೆಕ್‌ದು. ಸುಮಾರು 1,800 ಆಲ್‌ಜೈಮರ್ಸ್ ಅನ್ನೋ ಡಿಮೆನ್ಶಿಯಾ ಇರೋ ರೋಗಿಗಳು ಹಿಂದೆ ಬೆಂಜೋ ಎಷ್ಟು ತಗೊಂಡಿದ್ರು ಅಂತ ಅಷ್ಟೇ ವಯಸ್ಸಿನ ಬೇರೆಯವರ ಜೊತೆ ಹೋಲಿಸಿದ್ರು. ಒಟ್ಟು ಮೂರು ತಿಂಗಳ ಡೋಸ್ ಒಳಗೆ ತಗೊಂಡವರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಆರು ತಿಂಗಳಿಗಿಂತ ಜಾಸ್ತಿ ಆದವರಲ್ಲಿ ಆ ರೋಗ ಕಾಣೋ ಸಂಭವ ಸುಮಾರು 1.8 ಪಟ್ಟು. ಜಾಸ್ತಿ ತಗೊಂಡಷ್ಟೂ ಜಾಸ್ತಿ ಅಂದ್ರೆ ಮಾತ್ರೆದೇ ಕೆಲಸ ಅನ್ಸುತ್ತೆ. ಆದ್ರೆ ಎರಡು ವರ್ಷ ಬಿಟ್ಟು ಅದೇ ಪತ್ರಿಕೆಲಿ ಅಮೆರಿಕದ ಸಿಯಾಟಲ್‌ದು ಬಂತು, 65 ದಾಟಿದ 3,400 ಚಿಲ್ಲರೆ ಜನ, ಅದರಲ್ಲಿ ಚಿತ್ರ ಬೇರೆ. ಸ್ವಲ್ಪ ತಗೊಂಡವರಲ್ಲಿ ಅಪಾಯ ಸ್ವಲ್ಪ ಜಾಸ್ತಿ ಕಾಣ್ತು, ತುಂಬಾ ತಗೊಂಡವರಲ್ಲಿ ಹೆಚ್ಚಳ ಇದೆ ಅಂತ ಹೇಳೋ ಹಾಗೆ ಏನೂ ಸಿಗಲಿಲ್ಲ. ಮಾತ್ರೆನೇ ಮೆದುಳು ಹಾಳು ಮಾಡ್ತಿದ್ರೆ ಇದು ಉಲ್ಟಾ ಇರಬೇಕಿತ್ತಲ್ವಾ?

ಇಲ್ಲೇ ಇರೋದು ಸಿಕ್ಕು. ಡಿಮೆನ್ಶಿಯಾ ಅನ್ನೋದು ಹೆಸರಿಟ್ಟ ದಿನ ಶುರುವಾಗಲ್ಲ, ಒಳಗೆ ಎಷ್ಟೋ ವರ್ಷ ಮುಂಚೆನೇ ಶುರುವಾಗಿರುತ್ತೆ, ಮರೆವು ಕಾಣೋಕೆ ಮೊದಲೇ ನಿದ್ದೆ ಕೆಡೋದು, ಸುಮ್ಸುಮ್ನೆ ಆತಂಕ ಆಗೋದು ಬರಬಹುದು, ಅದಕ್ಕೆ ಡಾಕ್ಟರ್ ಹತ್ರ ಹೋದ್ರೆ ಈ ಮಾತ್ರೆನೇ ಬರೀತಾರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿದ ಮಾರನೇ ದಿನ ಡೆಂಗಿ ಅಂತ ರಿಪೋರ್ಟ್ ಬಂದ್ರೆ ಪ್ಯಾರಾಸಿಟಮಾಲ್‌ನಿಂದ ಡೆಂಗಿ ಬಂತು ಅನ್ನಲ್ಲ ನಾವು. ಇದನ್ನ ತಪ್ಪಿಸೋಕೆ ಸಂಶೋಧಕರು ರೋಗ ಪತ್ತೆಯಾಗೋ ಹಿಂದಿನ ಕೆಲವು ವರ್ಷದ ಮಾತ್ರೆಗಳನ್ನ ಲೆಕ್ಕದಿಂದ ಬಿಡ್ತಾರೆ. ಕ್ವಿಬೆಕ್‌ನವರು ಐದು ವರ್ಷಕ್ಕೂ ಮುಂಚೆ ಶುರು ಮಾಡಿದವರನ್ನೇ ತಗೊಂಡಿದ್ರು, ಆದ್ರೆ ಐದು ವರ್ಷ ಸಾಕಾ ಅನ್ನೋದೇ ಜಗಳ. 2024ರಲ್ಲಿ ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್ ಅಧ್ಯಯನ ಬಂತು, ಐದು ಸಾವಿರಕ್ಕೂ ಹೆಚ್ಚು ಜನರನ್ನ ಸರಾಸರಿ 11 ವರ್ಷ ನೋಡಿದ್ರು, ಒಟ್ಟಾರೆ ಡಿಮೆನ್ಶಿಯಾ ಜಾಸ್ತಿ ಆಗಿಲ್ಲ. ಆದ್ರೆ ಎಂಆರ್‌ಐಲಿ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಭಾಗ ತಗೊಂಡವರಲ್ಲಿ ಸ್ವಲ್ಪ ಬೇಗ ಸವೀತಿರೋ ಹಾಗೆ ಕಾಣ್ತು. ಹಾಗಾಗಿ ಖುಲಾಸೆನೂ ಸಿಕ್ಕಿಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಹೆಚ್ಚಿನ ಪಾಲು ಈ ಹಿಂದುಮುಂದಿನ ಸಿಕ್ಕೇ, ಮಾತ್ರೆದೂ ಸಣ್ಣ ಪಾಲು ಇರಬಹುದು.

ಆದ್ರೆ ಮಾತ್ರೆ ನಿಲ್ಲಿಸೋಕೆ ಈ ಜಗಳ ಮುಗಿಯೋವರೆಗೂ ಕಾಯಬೇಕಿಲ್ಲ. ರಾತ್ರಿ ಬಾತ್‌ರೂಮಿಗೆ ಎದ್ದಾಗ ಬಿದ್ದು ಸೊಂಟ ಮುರ್ಕೊಳ್ಳೋದು, ಹಗಲು ಮಂಕು ಕವಿಯೋದು, ಇದರಲ್ಲಿ ಯಾರಿಗೂ ಅನುಮಾನ ಇಲ್ಲ. ಇನ್ನೊಂದು ವಿಷಯ, ಬೆಂಜೋ ಮೈಯಲ್ಲಿದ್ದಾಗ ಮಾಡಿದ ಮೆಮೊರಿ ಟೆಸ್ಟ್ ನಂಬೋ ಹಾಗಿಲ್ಲ, ಯಾಕಂದ್ರೆ ಹೊಸದನ್ನ ನೆನಪಿಟ್ಕೊಳ್ಳೋ ಶಕ್ತಿನ ಮಾತ್ರೆನೇ ಆ ಹೊತ್ತಿಗೆ ತಗ್ಗಿಸಿರುತ್ತೆ. ಅವತ್ತು ಅಮ್ಮಂಗೆ ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದಾಗ ಒಂದೂ ಬರಲಿಲ್ಲ, ಗಡಿಯಾರ ಬರೀರಿ ಅಂದ್ರೆ ಅಂಕಿ ಎಲ್ಲಾ ಒಂದೇ ಕಡೆ ಗುಂಪಾಗಿತ್ತು. ಡಾಕ್ಟರ್ ಆ ದಿನ ಡಿಮೆನ್ಶಿಯಾ ಅಂತ ಬರೀಲಿಲ್ಲ, ಬಿ12, ಥೈರಾಯ್ಡ್ ಟೆಸ್ಟ್ ಬರೆದು ಮೊದಲು ಮಾತ್ರೆ ಇಳಿಸೋಣ ಅಂದ್ರು.

ಇಳಿಸಿದ್ದು ಹೀಗೆ. ರಾತ್ರಿದನ್ನ ಮುಟ್ಟದೆ ಮೊದಲು ಗ್ಯಾಸ್ ಮಾತ್ರೆನ ದಿನಕ್ಕೆ ಒಂದಕ್ಕೆ ತಂದು, ಎರಡು ವಾರ ಬಿಟ್ಟು ನಿಲ್ಲಿಸಿದ್ರು. ಆಮೇಲೆ 0.5ರ ಬದಲು 0.25ರ ಮಾತ್ರೆ ಒಂದೂವರೆ, ಆಮೇಲೆ ಒಂದು, ಆಮೇಲೆ ಅರ್ಧ, ಪ್ರತಿ ಮೆಟ್ಟಿಲಲ್ಲೂ ಕಮ್ಮಿ ಅಂದ್ರೆ ಎರಡು ವಾರ. ನಡುಕ ಬಂದ್ರೆ ಕೆಳಗಿಳಿಯೋದು ಬೇಡ, ಅಲ್ಲೇ ನಿಲ್ಲಿ ಅಂತ ಹೇಳಿದ್ವಿ. ಕೊನೆ ಅರ್ಧದಲ್ಲಿ ಅಮ್ಮ ಜಾಸ್ತಿ ದಿನ ನಿಂತ್ರು, ಅಲ್ಲೇ ಎಲ್ಲರೂ ಒದ್ದಾಡೋದು. ಎಸ್‌ಆರ್ ಅಂತ ಬರೆದಿರೋ ಮಾತ್ರೆ ಮಾತ್ರ ಮುರೀಬಾರದು, ನಿಧಾನಕ್ಕೆ ಬಿಡಬೇಕಾದ್ದು ಒಂದೇ ಸಲ ಬಿಟ್ಕೊಳ್ಳುತ್ತೆ. ಈ ಮೆಟ್ಟಿಲು ಅವರಿಗೆ ಹಾಕಿದ್ದು, ನಿಮ್ಮ ಮನೆಯವರಿಗೆ ಅವರ ಡಾಕ್ಟರೇ ಹಾಕಬೇಕು.

ಪೂರ್ತಿ ಬಿಟ್ಟು ಕೆಲವು ವಾರ ಆದಮೇಲೆ ಮತ್ತೆ ಟೆಸ್ಟ್ ಮಾಡಿದ್ವಿ. ಗಡಿಯಾರ ಸರಿಯಾಗಿ ಬಂತು, ನಡಿಗೆ ತೂರಾಡ್ತಿಲ್ಲ, ಮಾತಲ್ಲಿ ಚುರುಕು ಇದೆ. ಮೂರು ಪದದಲ್ಲಿ ಒಂದು ಮಾತ್ರ ಬಂತು, ಸುಳಿವು ಕೊಟ್ರೂ ಉಳಿದೆರಡು ಬರಲಿಲ್ಲ. ಅಂದ್ರೆ ಮಂಕು ಮಾತ್ರೆದಾಗಿತ್ತು, ಮರೆವಲ್ಲಿ ಒಂದು ಭಾಗ ಹಾಗೇ ಉಳೀತು. ಮಗ ಕೇಳಿದ್ರು, "ಹಾಗಾದ್ರೆ ಇದು ಆ ಮಾತ್ರೆಯಿಂದಲೇ ಆಗಿದ್ದಾ?" ಒಬ್ಬರಲ್ಲಿ ಅದನ್ನ ಬಿಡಿಸಿ ಹೇಳೋಕೆ ಯಾವ ಟೆಸ್ಟೂ ಇಲ್ಲ ಅಂತ ಡಾಕ್ಟರ್ ನೇರವಾಗೇ ಹೇಳಿದ್ರು. ಆರು ತಿಂಗಳಿಗೆ ಮತ್ತೆ ಬರೋಕೆ ಹೇಳಿದ್ದೀವಿ. ನಾನು ಅಮ್ಮನ ಫೈಲಿನ ಮೇಲೆ ಆಲ್ಪ್ರಜೋಲಮ್, ಕ್ಲೋರ್‌ಡಯಾಜೆಪಾಕ್ಸೈಡ್ ಅಂತ ಎರಡು ಹೆಸರನ್ನ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರ್ಕೊಟ್ಟೆ, ಮುಂದೆ ಹೊಟ್ಟೆನೋವು ಅಂತ ಯಾವ ಕ್ಲಿನಿಕ್‌ಗೆ ಹೋದ್ರೂ ಮೊದಲು ಅದನ್ನ ತೋರಿಸ್ಲಿ ಅಂತ.