ಒತ್ತಕ್ಷರ ನೋಡಿ ಸೈಜ್ ಇಡಿ

"ಇಂಗ್ಲಿಷಿಗೂ ಕನ್ನಡಕ್ಕೂ ಒಂದೇ ಸೈಜ್ ಕೊಟ್ಟಿದ್ದೀವಿ. ಆದ್ರೂ ಪ್ಯಾಕೆಟ್ ಮೇಲೆ ಕನ್ನಡ ಮಾತ್ರ ಯಾಕೆ ಓದೋಕಾಗಲ್ಲ?"

ಪಾಯಿಂಟ್ ಸೈಜ್ ಅಂದರೆ ಅಕ್ಷರದ ಎತ್ತರ ಅಲ್ಲ, ಅದು ಕೂರುವ ಇಡೀ ಜಾಗದ ಎತ್ತರ. ಕನ್ನಡದಲ್ಲಿ ಸಾಮಾನ್ಯವಾಗಿ ಮೇಲಿನ ಗುಡಿಸಿಗೂ ಕೆಳಗಿನ ಒತ್ತಿಗೂ ಅದರಲ್ಲೇ ಜಾಗ ಬಿಡಬೇಕು. ಮೂಲ ಅಕ್ಷರಕ್ಕೆ ಉಳಿಯುವುದೇ ಕಡಿಮೆ, ಒತ್ತಿಗೆ ಇನ್ನೂ ಕಡಿಮೆ.

ಪ್ಯಾಕೆಟ್ ಹಿಂಬದಿಯಲ್ಲಿ ಬರುವ ಸಾಲೊಂದನ್ನೇ ನೋಡೋಣ: ‘ತಂಪಾದ, ಒಣ ಸ್ಥಳದಲ್ಲಿಡಿ’. 6 ಪಾಯಿಂಟ್ ಅಂದರೆ ಒಟ್ಟು ಜಾಗ ಸುಮಾರು 2 ಮಿ.ಮೀ. ಅದರಲ್ಲಿ ‘ಸ’ಗೆ ಸಿಗುವುದು ಹೆಚ್ಚು ಕಡಿಮೆ ಅರ್ಧ. ಅದರ ಕೆಳಗಿನ ಥ ಒತ್ತು ಅದಕ್ಕಿಂತ ಚಿಕ್ಕದು. ಆ ಒತ್ತಿನ ಹೊಟ್ಟೆಯಲ್ಲಿ ಒಂದು ಚುಕ್ಕೆ ಬೇರೆ! ಪ್ಲಾಸ್ಟಿಕ್ ಕವರ್ ಮೇಲೆ ಶಾಯಿ ಸ್ವಲ್ಪ ಹರಡಿದರೂ ಚುಕ್ಕೆಯ ಸುತ್ತಲಿನ ಬಿಳಿ ಮುಚ್ಚಿಹೋಗಿ ಒತ್ತು ಬರೀ ಕಪ್ಪು ಗುಡ್ಡೆಯಾಗುತ್ತದೆ. ಮೂಲ ಅಕ್ಷರಗಳಿಗೂ ಇದೇ ಗತಿ. ಠ ಮತ್ತು ರ, ಷ ಮತ್ತು ಪ, ಇವುಗಳ ವ್ಯತ್ಯಾಸ ಇರುವುದು ಒಳಗಿನ ಒಂದು ಚುಕ್ಕೆ ಅಥವಾ ಗೆರೆಯಲ್ಲಿ ಮಾತ್ರ ಅಲ್ವಾ?

ಇಲ್ಲಿ ಬಹಳಷ್ಟು ಡಿಸೈನರುಗಳು ಮಾಡುವುದು ಬೋಲ್ಡ್. ಅದು ಸಾಲದೆಂದು ಅಕ್ಷರದ ಸುತ್ತ ಸ್ಟ್ರೋಕ್ ಕೂಡ ಕೊಡುತ್ತಾರೆ. ಗೆರೆ ದಪ್ಪಗಾದಷ್ಟೂ ಒಳಗಿನ ಬಿಳಿ ಕರಗುತ್ತದೆ. ಅಡ್ಡಕ್ಕೆ ಅದುಮಿ ಸಾಲು ಹಿಡಿಸುವುದೂ ಅಷ್ಟೇ ಕೆಟ್ಟದ್ದು. ಚಿಕ್ಕ ಅಕ್ಷರಕ್ಕೆ ನಾನು ನೋಟೋ ಸ್ಯಾನ್ಸ್ ಕನ್ನಡದಂಥ ಸಾದಾ ಫಾಂಟನ್ನು ರೆಗ್ಯುಲರ್ ಅಥವಾ ಮೀಡಿಯಂ ತೂಕದಲ್ಲಿ ಇಡುತ್ತೇನೆ. ಸೈಜ್ ಇಂಗ್ಲಿಷಿಗಿಂತ ಎರಡು ಪಾಯಿಂಟ್ ಜಾಸ್ತಿ. ಗಾಢ ಬಣ್ಣದ ಮೇಲೆ ಬಿಳಿ ಅಕ್ಷರವಾದರೆ ಇನ್ನೂ ಒಂದು ಪಾಯಿಂಟ್ ಏರಿಸಬೇಕು, ಸುತ್ತಲಿನ ಶಾಯಿ ಒಳಕ್ಕೆ ಹರಿಯುತ್ತದೆ.

ಪೋಸ್ಟರಿನಲ್ಲಿ ತೊಂದರೆ ಬೇರೆ. ಅಲ್ಲಿ ಸೈಜ್ ಸಾಕಷ್ಟಿರುತ್ತದೆ, ಸಾಲಿನ ನಡುವೆ ಜಾಗ ಇರುವುದಿಲ್ಲ. ‘ರಾಷ್ಟ್ರ’ದ ಒತ್ತುಗಳು ಇಳಿದು ಕೆಳಸಾಲಿನ ಗುಡಿಸಿಗೆ ಬಡಿಯುತ್ತವೆ. ಆಗ ಒತ್ತನ್ನು ಕೈಯಾರೆ ಕುಗ್ಗಿಸುವವರಿದ್ದಾರೆ. ದಯವಿಟ್ಟು ಬೇಡ. ಸಾಲನ್ನು ಬೇರೆ ಕಡೆ ಮುರಿದು, ಒತ್ತಿನ ಕೆಳಗೆ ಪದಗಳ ನಡುವಿನ ಖಾಲಿ ಜಾಗ ಬರುವಂತೆ ಮಾಡಿ. ಆಗದಿದ್ದರೆ ಸಾಲಂತರವನ್ನು ಅಕ್ಷರದ ಸೈಜಿನ ಒಂದೂವರೆ ಪಟ್ಟಿನ ತನಕ ಏರಿಸಿ.

ಇನ್ನು ಒತ್ತು ಕೂರದೆ ‘ಸ್‌ಥಳ’ ಅಂತ ಬಿಡಿಬಿಡಿಯಾಗಿ ಬಂದರೆ ಸಾಮಾನ್ಯವಾಗಿ ತಪ್ಪು ಫಾಂಟಿನದ್ದಲ್ಲ. ಇನ್‌ಡಿಸೈನಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡಿದರೆ ಸರಿಹೋಗುತ್ತದೆ.

ಪ್ರೆಸ್ಸಿಗೆ ಕಳಿಸುವ ಮೊದಲು ಅಸಲಿ ಅಳತೆಯಲ್ಲೇ ಪ್ರಿಂಟ್ ತೆಗೆದು, ಆ ಸಾಲು ಗೊತ್ತಿಲ್ಲದವರ ಕೈಗೆ ಕೊಡಿ. ಸ್ಕ್ರೀನಿನಲ್ಲಿ ಹಿಗ್ಗಿಸಿ ನೋಡಿದ್ದು ಲೆಕ್ಕಕ್ಕಿಲ್ಲ. ಅವರು ಎಲ್ಲಿ ತಡವರಿಸುತ್ತಾರೋ ಆ ಪದಕ್ಕೆ ತಕ್ಕಂತೆ ಸೈಜ್ ಏರಿಸಿ. ಏರಿಸಲು ಜಾಗವೇ ಇಲ್ಲವೆಂದರೆ ಪದ ಬದಲಿಸಿ: ‘ಸ್ಥಳದಲ್ಲಿಡಿ’ ಬಿಟ್ಟು ‘ಜಾಗದಲ್ಲಿಡಿ’ ಅಂದರೆ ಒಂದು ಒತ್ತು ಕಮ್ಮಿಯಾಯಿತು.