ಟ್ಯಾಲಿ ಆದ ಹಾಳೆಯನ್ನೂ ತಿದ್ದಬೇಕು: ಒಂದು ಟ್ರಯಲ್ ಬ್ಯಾಲೆನ್ಸ್, ನಾಲ್ಕಾರು ತಪ್ಪು

ಕೊಪ್ಪಳ ಜಿಲ್ಲೆಯಲ್ಲಿ ಪಿಯುಸಿ ಕಾಮರ್ಸ್ ಮಕ್ಕಳಿಗೆ ಲೆಕ್ಕಶಾಸ್ತ್ರ ಹೇಳುವವರಿಗೆ ಒಂದು ಮಾತು ದಿನಾ ಕಿವಿಗೆ ಬೀಳುತ್ತದೆ: "ಸರ್, ಟ್ಯಾಲಿ ಆತ್ರಿ!" ಹೋಂವರ್ಕ್ ತಿದ್ದುವ ಕೆಲಸ ಶುರುವಾಗುವುದೇ ಅಲ್ಲಿಂದ. ಎರಡೂ ಕಡೆಯ ಮೊತ್ತ ಒಂದೇ ಇದೆ ಎಂದು ರೈಟ್ ಹಾಕಿ ಹಾಳೆ ತಿರುಗಿಸಿದರೆ ಅರ್ಧ ತಪ್ಪುಗಳು ಹಾಗೇ ಉಳಿಯುತ್ತವೆ. ಒಂದೇ ಲೆಕ್ಕ ಇಟ್ಟುಕೊಂಡು ಇದನ್ನು ನೋಡೋಣ.

ಗಂಗಾವತಿಯ ಒಬ್ಬ ಅಕ್ಕಿ ವ್ಯಾಪಾರಿಯ ಲೆಕ್ಕ ಅಂದುಕೊಳ್ಳಿ. 1,00,000 ರೂಪಾಯಿ ನಗದು ಹಾಕಿ ವ್ಯಾಪಾರ ಶುರು ಮಾಡಿದ. ನಗದು ಕೊಟ್ಟು 30,000ದ ಅಕ್ಕಿ, ರೈಸ್ ಮಿಲ್‌ನಿಂದ ಉದ್ರಿ 40,000ದ ಅಕ್ಕಿ ಕೊಂಡ. ನಗದಿಗೆ 25,000, ಒಂದು ಕಿರಾಣಿ ಅಂಗಡಿಗೆ ಉದ್ರಿ 36,000ದ ಅಕ್ಕಿ ಮಾರಿದ. ಬಾಡಿಗೆ 5,000 ಕೊಟ್ಟ. ತೂಕದ ಯಂತ್ರವನ್ನು 12,000 ನಗದು ಕೊಟ್ಟು ಕೊಂಡ. ಮನೆ ಖರ್ಚಿಗೆ ಅಂಗಡಿಯಿಂದಲೇ 2,700ದ ಅಕ್ಕಿ ಒಯ್ದ. ಕೆಟ್ಟ ಮಾಲು 1,800ದ್ದನ್ನು ಮಿಲ್‌ಗೆ ವಾಪಸ್ ಕಳಿಸಿದ. ಕಿರಾಣಿ ಅಂಗಡಿಯವರು 20,000ದ ಬಾಬ್ತು 19,600 ಕೊಟ್ಟರು, 400 ರಿಯಾಯಿತಿ ಬಿಟ್ಟ.

ತಿದ್ದುವ ಮೊದಲು ಉತ್ತರವನ್ನು ನಾವೇ ಬರೆದುಕೊಂಡಿರಬೇಕು. ಡೆಬಿಟ್ ಕಡೆ: ನಗದು 97,600, ಖರೀದಿ 67,300, ಕಿರಾಣಿ ಅಂಗಡಿ 16,000, ಬಾಡಿಗೆ 5,000, ತೂಕದ ಯಂತ್ರ 12,000, ಡ್ರಾಯಿಂಗ್ಸ್ 2,700, ಕೊಟ್ಟ ರಿಯಾಯಿತಿ 400. ಕ್ರೆಡಿಟ್ ಕಡೆ: ಬಂಡವಾಳ 1,00,000, ರೈಸ್ ಮಿಲ್ 38,200, ಮಾರಾಟ 61,000, ಖರೀದಿ ವಾಪಸು 1,800. ಎರಡೂ ಕಡೆ 2,01,000. ಖರೀದಿ 70,000 ಆಗದೆ 67,300 ಆದದ್ದು ಮನೆಗೊಯ್ದ ಅಕ್ಕಿಯಿಂದ. ಆ ಎಂಟ್ರಿಯಲ್ಲಿ ಡ್ರಾಯಿಂಗ್ಸ್ ಡೆಬಿಟ್ ಆದರೆ ಕ್ರೆಡಿಟ್ ಆಗುವುದು ಖರೀದಿ ಖಾತೆ.

ಮೊದಲು ಟ್ಯಾಲಿ ಆಗದ ಹಾಳೆಗಳು. ಒಂದರಲ್ಲಿ ಡೆಬಿಟ್ 2,02,800, ಕ್ರೆಡಿಟ್ 1,99,200 ಬಂದಿದೆ. ವ್ಯತ್ಯಾಸ 3,600. ಒಂದು ಬಾಕಿಯನ್ನು ತಪ್ಪು ಕಡೆ ಬರೆದರೆ ಈ ಕಡೆ ಅದು ಕಡಿಮೆಯಾಗುತ್ತದೆ, ಆ ಕಡೆ ಹೆಚ್ಚಾಗುತ್ತದೆ, ಹಾಗಾಗಿ ವ್ಯತ್ಯಾಸ ಅದರ ದುಪ್ಪಟ್ಟು. ಅದಕ್ಕೇ ವ್ಯತ್ಯಾಸದ ಅರ್ಧ ಹುಡುಕುವುದು. ಅರ್ಧ 1,800. ಹೆಚ್ಚಿರುವ ಕಡೆ, ಅಂದರೆ ಡೆಬಿಟ್ ಕಡೆ ನೋಡಿದರೆ ಖರೀದಿ ವಾಪಸು ಅಲ್ಲಿ ಕೂತಿದೆ. 'ಖರೀದಿ' ಅನ್ನುವ ಪದ ನೋಡಿ ಡೆಬಿಟ್ ಅಂದುಕೊಂಡಿದ್ದಾರೆ.

ಇನ್ನೊಂದು ಹಾಳೆಯಲ್ಲಿ ಡೆಬಿಟ್ 1,97,400, ಕ್ರೆಡಿಟ್ 2,01,000. ಇಲ್ಲೂ ವ್ಯತ್ಯಾಸ 3,600. ಆದರೆ ಕಾರಣ ಬೇರೆ. ಲೆಡ್ಜರ್‌ನಲ್ಲಿ ಖರೀದಿ ಬಾಕಿ 67,300 ಎಂದು ಸರಿಯಾಗಿಯೇ ಇದೆ, ಟ್ರಯಲ್ ಬ್ಯಾಲೆನ್ಸ್‌ಗೆ ಇಳಿಸುವಾಗ 63,700 ಆಗಿದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. 3,600 ಅನ್ನು 9ರಿಂದ ಭಾಗಿಸಿದರೆ 400. ಅಂದರೆ ಸಾವಿರ ಮತ್ತು ನೂರರ ಸ್ಥಾನದಲ್ಲಿ, 4ರ ಅಂತರ ಇರುವ ಎರಡು ಅಂಕಿಗಳನ್ನು ಹುಡುಕಬೇಕು. 7 ಮತ್ತು 3 ಅಲ್ಲೇ ಸಿಗುತ್ತವೆ. ಒಂದು ಸೊನ್ನೆ ಬಿಟ್ಟುಹೋದರೂ 9ರ ಲೆಕ್ಕವೇ: 5,000 ಬದಲು 500 ಬರೆದರೆ ವ್ಯತ್ಯಾಸ 4,500.

ಈ ಎರಡನೇ ಹಾಳೆಯಲ್ಲೇ ಒಂದು ಗುಂಡಿ ಇದೆ, ಜಾಣ ಹುಡುಗರೇ ಅದರಲ್ಲಿ ಬೀಳುತ್ತಾರೆ. 'ವ್ಯತ್ಯಾಸದ ಅರ್ಧ ಹುಡುಕು' ಎಂದು ಕಲಿತ ಹುಡುಗ 1,800 ಹುಡುಕುತ್ತಾನೆ. ಹೆಚ್ಚಿರುವುದು ಕ್ರೆಡಿಟ್ ಕಡೆ, 1,800 ಇರುವುದೂ ಕ್ರೆಡಿಟ್ ಕಡೆ. ಸಿಕ್ಕಿತು ಎಂದು ಖರೀದಿ ವಾಪಸನ್ನು ಎತ್ತಿ ಡೆಬಿಟ್‌ಗೆ ಹಾಕುತ್ತಾನೆ. ಎರಡೂ ಕಡೆ 1,99,200 ಆಗುತ್ತದೆ! ಟ್ಯಾಲಿ ಆತು. ಆದರೆ ಒಂದು ತಪ್ಪಿದ್ದ ಹಾಳೆಯಲ್ಲಿ ಈಗ ಎರಡು ತಪ್ಪು. ಅರ್ಧದ ಸೂತ್ರವಾಗಲಿ 9ರ ಸೂತ್ರವಾಗಲಿ ಅನುಮಾನವನ್ನಷ್ಟೇ ತೋರಿಸುತ್ತವೆ. ಮೊತ್ತ ಸಿಕ್ಕಮೇಲೂ 'ಈ ಖಾತೆ ಈ ಕಡೆ ಇರಬೇಕಾದ್ದೋ ಅಲ್ಲವೋ' ಎಂದು ಕೇಳಿಕೊಳ್ಳದೆ ಕೈ ಹಚ್ಚಬಾರದು. ಮಾಲು ವಾಪಸ್ ಕಳಿಸಿದಾಗ ಮಿಲ್‌ಗೆ ಕೊಡಬೇಕಾದ್ದು ಕಡಿಮೆಯಾಗಿ ಮಿಲ್ ಖಾತೆ ಡೆಬಿಟ್ ಆಗುತ್ತದೆ, ವಾಪಸು ಖಾತೆ ಕ್ರೆಡಿಟ್. 1,800 ಇದ್ದ ಜಾಗದಲ್ಲೇ ಸರಿ ಇತ್ತು.

ಹಾಗಂತ 1,99,200 ಕಂಡ ಕೂಡಲೇ ತಪ್ಪು ಎಂದು ಗೀಟು ಎಳೆಯುವಂತೆಯೂ ಇಲ್ಲ. ವಾಪಸಿಗೆ ಬೇರೆ ಖಾತೆ ತೆಗೆಯದೆ 1,800 ಅನ್ನು ಖರೀದಿ ಖಾತೆಯಲ್ಲೇ ಕಳೆದವರಿಗೂ ಖರೀದಿ 65,500 ಆಗಿ, ಎರಡೂ ಕಡೆ ಅದೇ 1,99,200 ಬರುತ್ತದೆ. ಇಲ್ಲಿ ಬಾಕಿಗಳು ಸರಿ ಇವೆ. 'ವಾಪಸು ಖಾತೆ ಬೇರೆ ತೆರೆ' ಎಂದು ಪಕ್ಕದಲ್ಲಿ ಬರೆದರೆ ಸಾಕು, ನನ್ನ ಪ್ರಕಾರ ಅಂಕ ಕಡಿಯುವ ತಪ್ಪಲ್ಲ. ಮೊತ್ತ ಒಂದೇ ಆದರೂ ಒಂದು ಹಾಳೆ ಸರಿ, ಇನ್ನೊಂದು ತಪ್ಪು. ಖರೀದಿಯ ಸಾಲು 65,500 ಇದೆಯೋ 63,700 ಇದೆಯೋ ನೋಡಿದರೆ ತಿಳಿಯುತ್ತದೆ.

ಇನ್ನು ಉತ್ತರದ ಮೊತ್ತವೇ, ಅಂದರೆ 2,01,000ವೇ ಬಂದಿರುವ ಹಾಳೆಗಳು. ನಮ್ಮ ಕಣ್ಣು ತಪ್ಪಿಸಿಕೊಂಡು ಹೋಗುವುದು ಇವೇ. ತೂಕದ ಯಂತ್ರ 'ಕೊಂಡ' ಎಂದಿದೆಯಲ್ಲ ಎಂದು ಖರೀದಿ ಖಾತೆಗೆ ಡೆಬಿಟ್ ಮಾಡಿದವರಿಗೆ ಖರೀದಿ 79,300 ಆಗುತ್ತದೆ, ಯಂತ್ರದ ಸಾಲೇ ಇರುವುದಿಲ್ಲ, ಮೊತ್ತ ಮಾತ್ರ ಅದೇ. ಖರೀದಿ ಖಾತೆಗೆ ಬರುವುದು ಮಾರಲಿಕ್ಕೆ ತಂದ ಮಾಲು ಮಾತ್ರ. ಅಕ್ಕಿ ವ್ಯಾಪಾರಿ ತಕ್ಕಡಿ ಮಾರುವುದಿಲ್ಲ. ಇದನ್ನು ಈಗ ಬಿಟ್ಟರೆ ಅಂತಿಮ ಲೆಕ್ಕಕ್ಕೆ ಬಂದಾಗ 12,000 ಸ್ವತ್ತು ಇಡಿಯಾಗಿ ವ್ಯಾಪಾರ ಖಾತೆಗೆ ಹೋಗಿ ಒಟ್ಟು ಲಾಭ ಅಷ್ಟು ಕಡಿಮೆ ತೋರಿಸುತ್ತದೆ.

ರಿಯಾಯಿತಿಯದೂ ಹೀಗೆಯೇ. 19,600 ಬಂತು ಎಂದು ಕಿರಾಣಿ ಅಂಗಡಿಗೆ 19,600 ಮಾತ್ರ ಕ್ರೆಡಿಟ್ ಮಾಡಿದರೆ ಅವರ ಬಾಕಿ 16,400 ಆಗುತ್ತದೆ, 400ರ ರಿಯಾಯಿತಿ ಸಾಲು ಇರುವುದಿಲ್ಲ. 16,000 ಮತ್ತು 400 ಕೂಡಿದರೂ 16,400, ಎರಡೂ ಡೆಬಿಟ್ ಕಡೆಯವೇ. ಹಾಗಾಗಿ ಮೊತ್ತದಲ್ಲಿ ಸುಳಿವೇ ಇಲ್ಲ. ಮನೆಗೊಯ್ದ ಅಕ್ಕಿಯನ್ನು ಮಾರಾಟಕ್ಕೆ ಕ್ರೆಡಿಟ್ ಮಾಡಿದವರಾದರೆ ಬೇಗ ಸಿಕ್ಕಿಬೀಳುತ್ತಾರೆ: ಖರೀದಿ 70,000, ಮಾರಾಟ 63,700 ಆಗಿ ಎರಡೂ ಕಡೆ 2,03,700 ಬರುತ್ತದೆ, ನಮ್ಮ ಉತ್ತರಕ್ಕಿಂತ ಸರಿಯಾಗಿ 2,700 ಹೆಚ್ಚು.

ಆದ್ದರಿಂದ ಹಾಳೆ ಕೈಗೆ ಬಂದಾಗ ಕಣ್ಣು ಕೆಳಗಿನ ಮೊತ್ತಕ್ಕೆ ಹೋಗದಿರಲಿ. ಮೊದಲು ನಗದಿನ ಸಾಲು ನೋಡಿ. ಈ ಲೆಕ್ಕದಲ್ಲಿ ಆರು ವ್ಯವಹಾರ ನಗದನ್ನು ಮುಟ್ಟುತ್ತವೆ, 97,600 ಬಂದಿದ್ದರೆ ಆರರ ನಗದಿನ ಭಾಗ ಬಹುಮಟ್ಟಿಗೆ ಸರಿ ಎಂದೇ ಅರ್ಥ. ಟ್ಯಾಲಿ ಆಗದಾಗ ಮಕ್ಕಳು ಗುಟ್ಟಾಗಿ ತಿದ್ದುವುದೂ ನಗದನ್ನೇ, ಏಕೆಂದರೆ ಅದರಲ್ಲಿ ಸಾಲು ಹೆಚ್ಚು, ಯಾರೂ ಮತ್ತೆ ಕೂಡುವುದಿಲ್ಲ ಎಂಬ ಧೈರ್ಯ. ಲೆಡ್ಜರ್‌ನ ನಗದು ಬಾಕಿ ಒಂದು, ಟ್ರಯಲ್ ಬ್ಯಾಲೆನ್ಸ್‌ನದು ಇನ್ನೊಂದು ಇದ್ದರೆ ಅಲ್ಲೇ ಬೆರಳಿಡಿ. ಆಮೇಲೆ ಖರೀದಿ, ಆಮೇಲೆ ಕಿರಾಣಿ ಅಂಗಡಿ. ಈ ಮೂರು ಸಾಲು ಸರಿ ಇದ್ದರೆ ಮೇಲೆ ಹೇಳಿದ ತಪ್ಪುಗಳಲ್ಲಿ ಉಳಿಯುವುದು ವಾಪಸನ್ನು ತಪ್ಪು ಕಡೆ ಬರೆದದ್ದು, ಬಾಡಿಗೆಯಲ್ಲಿ ಸೊನ್ನೆ ಬಿಟ್ಟದ್ದು ಎರಡೇ, ಅವು ಟ್ಯಾಲಿಯಲ್ಲೇ ಸಿಗುತ್ತವೆ.

ಕೆಂಪು ಪೆನ್ನಿನಲ್ಲಿ ಸರಿ ಮೊತ್ತ ಬರೆದುಕೊಡಬೇಡಿ. 16,400ರ ಸುತ್ತ ಒಂದು ಸೊನ್ನೆ ಸುತ್ತಿ, 'ಈ ಅಂಗಡಿಯವರು ಇನ್ನೂ ಎಷ್ಟು ಕೊಡಬೇಕು?' ಎಂದು ಬರೆಯಿರಿ. ಮನೆಯಲ್ಲಿ ಉದ್ರಿ ಪುಸ್ತಕ ನೋಡಿ ಬೆಳೆದ ಹುಡುಗಿಗೆ ಆ ಒಂದು ಸಾಲು ಸಾಕಾಗುತ್ತದೆ, 400 ಎಲ್ಲಿ ಹೋಯಿತೆಂದು ತಾನೇ ಜರ್ನಲ್‌ಗೆ ಹಿಂದಿರುಗುತ್ತಾಳೆ.